ಔಷಧಿ ಪದೇ ಪದೇ ಖಾಲಿಯಾಗುತ್ತಿದೆಯಾ? ತಪ್ಪು ಇಒಕ್ಯೂನಲ್ಲೋ, ರೀಆರ್ಡರ್ ಪಾಯಿಂಟ್‌ನಲ್ಲೋ ಪತ್ತೆ ಮಾಡೋಣ

ತೊಂದರೆ ಇದು. ಒಂದು ಮೆಡಿಕಲ್ ಸ್ಟೋರ್. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ 500 ಮಾತ್ರೆ ಅಲ್ಲಿ ದಿನವೂ ಹೋಗುತ್ತದೆ. ಮಾಲೀಕರು ಇಒಕ್ಯೂ ಲೆಕ್ಕ ಹಾಕಿ, ಅಷ್ಟೇ ಸ್ಟ್ರಿಪ್ ತರಿಸುತ್ತಾರೆ. ಆದರೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ರ‍್ಯಾಕ್ ಖಾಲಿ. ಎರಡೇ ಮಾತ್ರೆ ಉಳಿದ ಹಳೇ ಸ್ಟ್ರಿಪ್ ಹಿಡಿದುಕೊಂಡು ಬಂದವರಿಗೆ "ನಾಡಿದ್ದು ಬನ್ನಿ" ಅನ್ನಬೇಕಾಗುತ್ತದೆ. ದಿನಾ ತಗೊಳ್ಳಲೇಬೇಕಾದ ಮಾತ್ರೆಗೆ ಆ ಉತ್ತರ ಕೊಡೋ ಹಾಗಿಲ್ಲ.

ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ಮುಂದೆ ಈ ಸಮಸ್ಯೆ ಇಟ್ಟರೆ ಹತ್ತರಲ್ಲಿ ಏಳೆಂಟು ಜನ ಹೇಳುವುದು ಒಂದೇ: "ಆರ್ಡರ್ ಜಾಸ್ತಿ ಮಾಡಿ." ಇದು ತಪ್ಪು ಔಷಧಿ. ತಪ್ಪು ಯಾಕೆ, ಸರಿಯಾದ ಕಾರಣ ಹಿಡಿಯುವುದು ಹೇಗೆ ಅನ್ನುವುದನ್ನು ಇದೊಂದೇ ಮಾತ್ರೆ ಇಟ್ಟುಕೊಂಡು ನೋಡೋಣ. ಅಂಕಿಗಳನ್ನು ಲೆಕ್ಕ ಸಲೀಸಾಗಲಿ ಅಂತ ನಾನೇ ಇಟ್ಟಿದ್ದೇನೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಇಒಕ್ಯೂ ಅಂದರೆ ಎಕನಾಮಿಕ್ ಆರ್ಡರ್ ಕ್ವಾಂಟಿಟಿ. ಒಂದು ಸಲಕ್ಕೆ ಎಷ್ಟು ತರಿಸಬೇಕು ಅನ್ನುವುದಕ್ಕೆ ಮಾತ್ರ ಅದು ಉತ್ತರ. ಯಾವಾಗ ತರಿಸಬೇಕು ಅನ್ನುವುದನ್ನು ಹೇಳುವುದು ರೀಆರ್ಡರ್ ಪಾಯಿಂಟ್: ಸ್ಟಾಕ್ ಈ ಸಂಖ್ಯೆಗೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ಇಒಕ್ಯೂ ಸೂತ್ರದೊಳಗೆ ಲೀಡ್ ಟೈಮ್ ಇಲ್ಲವೇ ಇಲ್ಲ, ಗಮನಿಸಿ. ಮಾಲು ಬರಲು ಎರಡು ದಿನ ಹಿಡಿದರೂ, ಹತ್ತು ದಿನ ಹಿಡಿದರೂ ಅದು ಕೊಡುವ ಉತ್ತರ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಮಾಲು ಬರುವಷ್ಟರಲ್ಲಿ ರ‍್ಯಾಕ್ ಖಾಲಿಯಾಗುವುದನ್ನು ಅದು ತಡೆಯುವುದಾದರೂ ಹೇಗೆ? ಫೋರ್ಡ್ ಹ್ಯಾರಿಸ್ 1913ರಲ್ಲಿ ಈ ಸೂತ್ರ ಕೊಟ್ಟಾಗ ಕೇಳಿಕೊಂಡಿದ್ದೂ ಪ್ರಮಾಣದ ಪ್ರಶ್ನೆಯನ್ನೇ, ಒಂದು ಸಲಕ್ಕೆ ಎಷ್ಟು ತಯಾರಿಸಬೇಕು ಅಂತ.

ಆದರೂ ಮೊದಲು ಇಒಕ್ಯೂ ಸರಿ ಇದೆಯಾ ಅಂತ ನೋಡಿಬಿಡೋಣ. ಅದನ್ನು ಪರೀಕ್ಷಿಸದೆ ಮುಂದೆ ಹೋದರೆ ಅನುಮಾನ ಹಾಗೇ ಉಳಿಯುತ್ತದೆ.

ಪರೀಕ್ಷೆ 1: ಇಒಕ್ಯೂ ಲೆಕ್ಕ ಸರಿ ಇದೆಯೇ?

ದಿನಕ್ಕೆ ಸರಾಸರಿ 12 ಸ್ಟ್ರಿಪ್ ಬೇಕು. ವರ್ಷಕ್ಕೆ 300 ದಿನ ಅಂಗಡಿ ತೆರೆದಿದ್ದರೆ 3600 ಸ್ಟ್ರಿಪ್. ಇದು D.

ಒಂದು ಆರ್ಡರಿಗೆ ತಗಲುವ ಖರ್ಚು 60 ರೂಪಾಯಿ. ಇದು S. ಆರ್ಡರ್ ಕಳಿಸುವುದು, ಬಂದ ಬಾಕ್ಸ್ ಬಿಚ್ಚಿ ಎಣಿಸುವುದು, ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ದಿನಾಂಕ ಎಂಟ್ರಿ ಮಾಡುವುದು, ಪ್ರತಿ ಆರ್ಡರಿಗೆ ಕೊಡುವ ಸಾಗಣೆ ವೆಚ್ಚ, ಎಲ್ಲ ಇದರಲ್ಲಿ ಬಂತು. ಆರ್ಡರ್ ಹಾಕಿದರೂ ಹಾಕದಿದ್ದರೂ ಕೊಡಲೇಬೇಕಾದ ಸಂಬಳ, ಬಾಡಿಗೆ ಇದರಲ್ಲಿ ಸೇರುವುದಿಲ್ಲ. ಇನ್ನೊಂದು ಆರ್ಡರ್ ಹಾಕಿದರೆ ಎಷ್ಟು ಹೆಚ್ಚುವರಿ ಖರ್ಚಾಗುತ್ತದೆ, ಅಷ್ಟೇ ಲೆಕ್ಕಕ್ಕೆ.

ಒಂದು ಸ್ಟ್ರಿಪ್ಪಿನ ಖರೀದಿ ಬೆಲೆ 20 ರೂಪಾಯಿ ಇರಲಿ. ಅದನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚು, ಅಂದರೆ ಸಿಕ್ಕಿಹಾಕಿಕೊಂಡ ದುಡ್ಡಿನ ಬಡ್ಡಿ, ಜಾಗ, ಹಾಳಾಗುವುದು ಎಲ್ಲ ಸೇರಿ ಬೆಲೆಯ 24% ಅಂದುಕೊಳ್ಳಿ. 4.80 ರೂಪಾಯಿ ಆಯಿತು. ಇದು H. ಇಲ್ಲಿ ಮಾರುವ ಬೆಲೆ ಹಾಕಬೇಡಿ. ಸ್ಟಾಕಿನಲ್ಲಿ ಸಿಕ್ಕಿಕೊಂಡಿರುವುದು ನೀವು ಕೊಟ್ಟ ದುಡ್ಡು, ಮುಂದೆ ಬರಲಿರುವ ದುಡ್ಡಲ್ಲ.

```
EOQ = SQRT(2*D*S/H)
    = SQRT(2*3600*60/4.8)
    = SQRT(90000)
    = 300
```

300 ಸ್ಟ್ರಿಪ್. ಅಂದರೆ 25 ದಿನದ ಮಾಲು, ವರ್ಷಕ್ಕೆ 12 ಆರ್ಡರ್. ಉತ್ತರ ಸರಿ ಇದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಆರ್ಡರ್ ಖರ್ಚು 12 × 60 = 720. ಇಟ್ಟುಕೊಳ್ಳುವ ಖರ್ಚು: 300ರಿಂದ ಸೊನ್ನೆವರೆಗೆ ಇಳಿಯುವ ಸ್ಟಾಕಿನ ಸರಾಸರಿ 150, ಅದಕ್ಕೆ 4.80ರಂತೆ 720. ಎರಡೂ ಸಮ ಬಂತು. ಇಒಕ್ಯೂ ಸರಿಯಾಗಿದ್ದರೆ ಇವೆರಡೂ ಸಮ ಬರಲೇಬೇಕು, ಬರದಿದ್ದರೆ ಎಲ್ಲೋ ಎಡವಿದ್ದೀರಿ.

ಎಲ್ಲಿ ಎಡವಿದಿರಿ ಅನ್ನುವುದನ್ನೂ ಬಹಳ ಸಲ ಉತ್ತರವೇ ಹೇಳುತ್ತದೆ. ಒಬ್ಬರಿಗೆ 300ರ ಬದಲು 1039 ಬಂತು ಅನ್ನಿ. 1039ನ್ನು 300ರಿಂದ ಭಾಗಿಸಿ: 3.46. ಇದು 12ರ ವರ್ಗಮೂಲ. ಅಂದರೆ ಬೇಡಿಕೆಯನ್ನು ವರ್ಷಕ್ಕೆ ತಗೊಂಡು, ಇಟ್ಟುಕೊಳ್ಳುವ ಖರ್ಚನ್ನು ತಿಂಗಳಿಗೆ (40 ಪೈಸೆ) ತಗೊಂಡಿದ್ದಾರೆ. ಉಲ್ಟಾ ಮಾಡಿದ್ದರೆ, ತಿಂಗಳ ಬೇಡಿಕೆ 300 ಹಾಕಿ ವರ್ಷದ H ಹಾಕಿದ್ದರೆ, 87 ಬರುತ್ತದೆ. ಉತ್ತರ ಮೂರೂವರೆ ಪಟ್ಟು ಆಚೆ ಈಚೆ ಇದ್ದರೆ ತಿಂಗಳು ಮತ್ತು ವರ್ಷ ಕಲಸಿಹೋಗಿದೆ ಅಂತ ಮೊದಲು ಅನುಮಾನಪಡಿ.

ನಮ್ಮ ಅಂಗಡಿಯಲ್ಲಿ 300 ಸರಿಯಾಗೇ ಬಂದಿದೆ. ಹಾಗಾದರೆ ಖಾಲಿಯಾಗುವುದು ಯಾಕೆ?

ಪರೀಕ್ಷೆ 2: ಆರ್ಡರ್ ಹಾಕಿದ ದಿನ ಎಷ್ಟು ಉಳಿದಿತ್ತು?

ಇದಕ್ಕೆ ಸೂತ್ರ ಬೇಡ, ಸ್ಟಾಕ್ ರಿಜಿಸ್ಟರ್ ಸಾಕು. ಹಿಂದಿನ ಸಲ ಖಾಲಿಯಾದ ದಿನದಿಂದ ಹಿಂದಕ್ಕೆ ಓದುತ್ತಾ ಹೋಗಿ. ಈ ಅಂಗಡಿಯ ಪುಟ ಹೀಗಿದೆ.

ಸೋಮವಾರ ಬೆಳಿಗ್ಗೆ 24 ಸ್ಟ್ರಿಪ್ ಇದೆ, ಅಂಗಡಿ ತೆರೆದ ಕೂಡಲೇ 300ಕ್ಕೆ ಆರ್ಡರ್ ಹೋಗಿದೆ. ಅವತ್ತು 11 ಹೋಗಿ ಸಂಜೆಗೆ 13 ಉಳಿಯಿತು. ಮಂಗಳವಾರ ಆ 13ಕ್ಕೆ 13ಊ ಹೋಯಿತು. ಬುಧವಾರ ಮಾರಾಟ ಸೊನ್ನೆ. ಗುರುವಾರವೂ ಸೊನ್ನೆ. ಶುಕ್ರವಾರ ಬೆಳಿಗ್ಗೆ ಮಾಲು ಬಂತು, 300.

ಕಾರಣ ಈ ಐದು ಸಾಲಿನಲ್ಲೇ ಇದೆ. ಮಾಲೀಕರು 24ಕ್ಕೆ ಆರ್ಡರ್ ಹಾಕುತ್ತಿದ್ದುದು ಯಾಕೆ ಅಂದರೆ, ಸಪ್ಲೈಯರ್ "ಎರಡು ದಿನದಲ್ಲಿ ಕೊಡುತ್ತೇವೆ" ಅಂದಿದ್ದರು. ದಿನಕ್ಕೆ 12, ಎರಡು ದಿನಕ್ಕೆ 24. ಗುಣಾಕಾರ ಸರಿ. ಆದರೆ ಮಾಲು ಬಂದದ್ದು ನಾಲ್ಕು ದಿನಕ್ಕೆ. ಲೆಕ್ಕ ತಪ್ಪಿದರೆ ಇರಲಿ ಅಂತ ಮೇಲೆ ಇಟ್ಟುಕೊಳ್ಳುವ ಮಾಲು, ಅಂದರೆ ಸೇಫ್ಟಿ ಸ್ಟಾಕ್ ಅಂತ ಒಂದು ಸ್ಟ್ರಿಪ್ಪನ್ನೂ ಸೇರಿಸಿರಲಿಲ್ಲ.

ಈಗ ಆ "ಆರ್ಡರ್ ಜಾಸ್ತಿ ಮಾಡಿ" ಸಲಹೆಯನ್ನು ಇಲ್ಲೇ ಹಾಕಿ ನೋಡಿ. 300ರ ಬದಲು 600 ತರಿಸಿದರು. 25 ದಿನಕ್ಕೆ ಬದಲು 50 ದಿನ ಬಂತು. ಆಮೇಲೆ ಸ್ಟಾಕ್ 24ಕ್ಕೆ ಇಳಿದಾಗ ಮತ್ತೆ ಅದೇ ಕಥೆ: ಎರಡು ದಿನ ಮಾರಾಟ, ಎರಡು ದಿನ ಖಾಲಿ. ಮೊದಲು 27 ದಿನಕ್ಕೊಮ್ಮೆ ಖಾಲಿಯಾಗುತ್ತಿತ್ತು, ಈಗ 52 ದಿನಕ್ಕೊಮ್ಮೆ. ಮಾಲೀಕರಿಗೆ "ಸ್ವಲ್ಪ ಪರವಾಗಿಲ್ಲ" ಅನ್ನಿಸುತ್ತದೆ, ಮೋಸ ಹೋಗುವುದು ಅಲ್ಲೇ. ರೋಗ ಹಾಗೇ ಇದೆ, ಅದು ಕಾಣಿಸಿಕೊಳ್ಳುವ ದಿನ ಮಾತ್ರ ದೂರ ಹೋಗಿದೆ. ಖರ್ಚು ಮಾತ್ರ ಏರಿದೆ. ವರ್ಷಕ್ಕೆ ಆರು ಆರ್ಡರಿಗೆ 360, ಸರಾಸರಿ 300 ಸ್ಟ್ರಿಪ್ ಇಟ್ಟುಕೊಳ್ಳಲು 1440, ಒಟ್ಟು 1800. ಮೊದಲು 1440 ಇತ್ತು. 25% ಜಾಸ್ತಿ ಕೊಟ್ಟು ಸಮಸ್ಯೆಯನ್ನು ಮುಚ್ಚಿಟ್ಟ ಹಾಗಾಯಿತು.

ಹಾಗಾಗಿ "ತಿಂಗಳಿಗೆ ಎಷ್ಟು ಸಲ ಖಾಲಿ" ಅಂತ ಎಣಿಸಬೇಡಿ. "ಹತ್ತು ಆರ್ಡರ್ ಹಾಕಿದಾಗ ಎಷ್ಟು ಸಲ ಮಾಲು ಬರುವ ಮೊದಲೇ ಖಾಲಿಯಾಯಿತು" ಅಂತ ಎಣಿಸಿ. ಇಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಖಾಲಿ, 300 ತರಿಸಿದರೂ ಅಷ್ಟೇ, 600 ತರಿಸಿದರೂ ಅಷ್ಟೇ. ಪ್ರಮಾಣ ಬದಲಾಯಿಸಿದರೂ ಈ ಲೆಕ್ಕ ಬದಲಾಗದಿದ್ದರೆ ದೋಷ ಇರುವುದು ರೀಆರ್ಡರ್ ಪಾಯಿಂಟ್‌ನಲ್ಲಿ.

ಪರೀಕ್ಷೆ 3: ಲೀಡ್ ಟೈಮ್ ನಿಜವಾಗಿ ಎಷ್ಟು?

ಸಪ್ಲೈಯರ್ ಹೇಳಿದ್ದನ್ನು ಬಿಟ್ಟು ಹಿಂದಿನ ಆರ್ಡರ್‌ಗಳ ದಿನಾಂಕ ತೆಗೆಯಿರಿ. ಎಣಿಕೆ ಶುರುವಾಗುವುದು ಆರ್ಡರ್ ಹಾಕಿದ ದಿನದಿಂದ. ಮುಗಿಯುವುದು ಬಾಕ್ಸ್ ಬಾಗಿಲಿಗೆ ಬಂದಾಗ ಅಲ್ಲ, ಎಂಟ್ರಿ ಆಗಿ ಸ್ಟ್ರಿಪ್ ರ‍್ಯಾಕಿಗೆ ಹೋಗಿ ಬಿಲ್ ಮಾಡಬಹುದಾದಾಗ. ಸಂಜೆ ಬಂದ ಬಾಕ್ಸ್ ಕೌಂಟರ್ ಕೆಳಗೆ ಒಂದು ದಿನ ಹಾಗೇ ಬಿದ್ದಿದ್ದರೆ ಆ ದಿನವೂ ಲೀಡ್ ಟೈಮೇ.

ಇಲ್ಲಿ ಹಿಂದಿನ ಆರು ಆರ್ಡರಿಗೆ ಹಿಡಿದ ದಿನಗಳು 3, 4, 4, 3, 6, 4. ಸರಾಸರಿ 4. ಆದರೆ ಸರಾಸರಿ ಒಂದನ್ನೇ ನಂಬಿದರೆ ಆ 6 ಬಂದ ಸಲ ಮುಳುಗಿದಿರಿ. ಅದಕ್ಕೇ ಏರಿಳಿತವನ್ನೂ ಅಳೆಯಬೇಕು. ಈ ಆರು ಅಂಕಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ 1 ದಿನ. (6ರ ಬದಲು 5ರಿಂದ ಭಾಗಿಸುವವರಿಗೆ 1.1 ಬರುತ್ತದೆ. ಕೊನೆಯ ಉತ್ತರದಲ್ಲಿ ಎರಡು ಸ್ಟ್ರಿಪ್ ವ್ಯತ್ಯಾಸ ಅಷ್ಟೇ, ಅದಕ್ಕೆ ಜಗಳ ಬೇಡ.)

ಪರೀಕ್ಷೆ 4: ಬೇಡಿಕೆಯನ್ನು ಸರಿಯಾಗಿ ಅಳೆದಿದ್ದೀರಾ?

ಇದು ನನಗೆ ಅತಿ ಮುಖ್ಯ ಅನ್ನಿಸುವ ಪರೀಕ್ಷೆ, ಯಾಕೆಂದರೆ ಇಲ್ಲಿನ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮಾರಾಟದ ದಾಖಲೆಯನ್ನೇ ಬೇಡಿಕೆ ಅಂದುಕೊಳ್ಳುತ್ತೇವೆ. ಆದರೆ ಬುಧವಾರ, ಗುರುವಾರ ಮಾರಾಟ ಸೊನ್ನೆ ಇದ್ದದ್ದು ಯಾರೂ ಕೇಳಲಿಲ್ಲ ಅಂತಲ್ಲ, ಕೊಡಲು ಇರಲಿಲ್ಲ ಅಂತ. ಬಂದವರು ವಾಪಸ್ ಹೋದರು, ಅದು ಯಾವ ಬಿಲ್ಲಿನಲ್ಲೂ ಇಲ್ಲ. ಪ್ರತಿ 27 ದಿನಕ್ಕೆ 300 ಸ್ಟ್ರಿಪ್ ಮಾರಾಟ ಅಂದರೆ ದಿನಕ್ಕೆ 11.1 ಅಂತ ಕಂಪ್ಯೂಟರ್ ತೋರಿಸುತ್ತದೆ. ನಿಜವಾದ ಬೇಡಿಕೆ 12. ಖಾಲಿಯಾದ ದಿನಗಳು ಜಾಸ್ತಿಯಾದಷ್ಟೂ ಸರಾಸರಿ ಇಳಿಯುತ್ತದೆ, ಸರಾಸರಿ ಇಳಿದಷ್ಟೂ ರೀಆರ್ಡರ್ ಪಾಯಿಂಟ್ ಇಳಿಯುತ್ತದೆ, ಅದು ಇಳಿದಷ್ಟೂ ಇನ್ನೂ ಬೇಗ ಖಾಲಿ.

ಪರಿಹಾರ ಸರಳ. ಸ್ಟಾಕ್ ಇದ್ದ ದಿನಗಳನ್ನು ಮಾತ್ರ ತಗೊಂಡು ಸರಾಸರಿ ಹಾಕಿ. ಮಧ್ಯಾಹ್ನಕ್ಕೇ ಖಾಲಿಯಾದ ದಿನವನ್ನೂ ಬಿಟ್ಟುಬಿಡಿ. ಸಾಧ್ಯವಿದ್ದರೆ ಕೌಂಟರಿನಲ್ಲಿ ಒಂದು ಪುಸ್ತಕ ಇಟ್ಟು, ಕೇಳಿ ಸಿಗದೆ ಹೋದವರ ಲೆಕ್ಕ ಬರೆಯಿರಿ. ಈ ಮಾತ್ರೆಗೆ ಹಾಗೆ ಅಳೆದಾಗ ದಿನಕ್ಕೆ ಸರಾಸರಿ 12, ಸ್ಟ್ಯಾಂಡರ್ಡ್ ಡೀವಿಯೇಶನ್ 4 ಬಂತು ಅಂದುಕೊಳ್ಳಿ. ಅಂದರೆ ಬಹುತೇಕ ದಿನ 8ರಿಂದ 16ರ ಒಳಗೆ ಹೋಗುತ್ತದೆ.

ಸರಿಪಡಿಸಿದ ರೀಆರ್ಡರ್ ಪಾಯಿಂಟ್

ಎರಡು ಭಾಗ. ಮಾಲು ಬರುವ ತನಕ ಸಾಮಾನ್ಯವಾಗಿ ಹೋಗುವುದು 12 × 4 = 48 ಸ್ಟ್ರಿಪ್. ಅದರ ಮೇಲೆ ಸೇಫ್ಟಿ ಸ್ಟಾಕ್. ಎರಡು ಕಾರಣಕ್ಕೆ ಲೆಕ್ಕ ತಪ್ಪಬಹುದು: ಜನ ಜಾಸ್ತಿ ಕೇಳಬಹುದು, ಮಾಲು ತಡವಾಗಬಹುದು. ಎರಡನ್ನೂ ಸೇರಿಸುವ ಸೂತ್ರ ಇದು. L ಅಂದರೆ ಸರಾಸರಿ ಲೀಡ್ ಟೈಮ್, d ಅಂದರೆ ದಿನದ ಸರಾಸರಿ ಬೇಡಿಕೆ, sd_L ಮತ್ತು sd_d ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್, ROP ಅಂದರೆ ರೀಆರ್ಡರ್ ಪಾಯಿಂಟ್.

```
sigma  = SQRT(L*sd_d^2 + d^2*sd_L^2)
       = SQRT(4*16 + 144*1)
       = SQRT(208) = 14.4
safety = 1.65 * 14.4 = 24
ROP    = 48 + 24 = 72
```

1.65 ಅಂದರೆ 95% ಸರ್ವಿಸ್ ಲೆವೆಲ್ಲಿಗೆ ನಾರ್ಮಲ್ ಟೇಬಲ್ಲಿನಲ್ಲಿ ಸಿಗುವ z. ಸ್ಪ್ರೆಡ್‌ಶೀಟಿನಲ್ಲಿ `=NORM.S.INV(0.95)` ಕೊಟ್ಟರೂ ಬರುತ್ತದೆ.

ವರ್ಗಮೂಲದೊಳಗಿನ ಎರಡು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಬೇಡಿಕೆಯ ಏರಿಳಿತದಿಂದ ಬಂದದ್ದು 64. ಸಪ್ಲೈ ತಡವಾಗುವುದರಿಂದ ಬಂದದ್ದು 144. ಅಂದರೆ ಈ ಅಂಗಡಿಗೆ ತೊಂದರೆ ಕೊಡುತ್ತಿರುವುದು ಗಿರಾಕಿಗಳಿಗಿಂತ ಸಪ್ಲೈ. ಪ್ರತಿ ಸಲವೂ ಸರಿಯಾಗಿ ನಾಲ್ಕೇ ದಿನಕ್ಕೆ ಕೊಡುವ ಸಪ್ಲೈಯರ್ ಸಿಕ್ಕರೆ 144 ಸೊನ್ನೆಯಾಗಿ, ಸೇಫ್ಟಿ ಸ್ಟಾಕ್ 24ರಿಂದ 13ಕ್ಕೆ ಇಳಿಯುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿ ಉತ್ತರ ಬರೆದು ಮುಂದೆ ಹೋಗುವವರು ಇದನ್ನು ನೋಡುವುದೇ ಇಲ್ಲ. ಯಾರ ಜೊತೆ ಮಾತಾಡಬೇಕು ಅನ್ನುವುದು ಆ ಎರಡು ಅಂಕಿಗಳಲ್ಲಿ ಇದೆ ಅಲ್ವಾ?

ಈಗ ಆರ್ಡರ್ ಪ್ರಮಾಣ ಅದೇ 300, ಹಾಕುವ ಹೊತ್ತು ಮಾತ್ರ 24ರಿಂದ 72ಕ್ಕೆ ಬದಲು. ಆರು ದಿನದ ಮಾಲು ಕೈಯಲ್ಲಿದ್ದಾಗಲೇ ಆರ್ಡರ್ ಹೋಗುತ್ತದೆ. ಹೊಸದಾಗಿ ಬಂದ ಖರ್ಚು 24 ಸ್ಟ್ರಿಪ್ ಸೇಫ್ಟಿ ಸ್ಟಾಕಿಗೆ 4.80ರಂತೆ ವರ್ಷಕ್ಕೆ ಸುಮಾರು 115 ರೂಪಾಯಿ. 600 ತರಿಸಿದಾಗ 360 ರೂಪಾಯಿ ಜಾಸ್ತಿ ಹೋಗಿ ರೋಗ ವಾಸಿಯಾಗಿರಲಿಲ್ಲ.

72 ಹಾಕಿದ ಮೇಲೂ ಖಾಲಿಯಾಗುತ್ತಿದ್ದರೆ

ಆಗ ಮೊದಲು ಕೇಳಬೇಕಾದ್ದು, ಸ್ಟಾಕನ್ನು ಯಾವಾಗ ನೋಡುತ್ತೀರಿ? ಈ ಲೆಕ್ಕ ನಡೆಯುವುದು ಸ್ಟಾಕ್ 72 ಮುಟ್ಟಿದ ಗಳಿಗೆಯಲ್ಲೇ ಆರ್ಡರ್ ಹೋಗುತ್ತದೆ ಅನ್ನುವ ನಂಬಿಕೆಯ ಮೇಲೆ. ಶನಿವಾರ ಮಾತ್ರ ರ‍್ಯಾಕ್ ನೋಡುವ ಅಭ್ಯಾಸ ಇದ್ದರೆ, ಮಂಗಳವಾರ ಸಂಜೆ 72 ದಾಟಿದ್ದು ಶನಿವಾರ ಸಂಜೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಾಲ್ಕು ದಿನದ 48 ಹೋಗಿ 24 ಉಳಿದಿರುತ್ತದೆ. ಮತ್ತೆ ಹಳೇ ಜಾಗಕ್ಕೇ ಬಂದಿರಿ. ಕಂಡುಹಿಡಿಯುವುದು ಹೇಗೆ ಅಂದರೆ, ಆರ್ಡರ್ ಹಾಕಿದ ದಿನದ ಸ್ಟಾಕನ್ನು ಸಾಲಾಗಿ ಬರೆಯಿರಿ. 70, 68, 71 ಹೀಗಿದ್ದರೆ ಸರಿ. 40, 24, 55 ಹೀಗಿದ್ದರೆ ಪಾಯಿಂಟ್ ಸರಿ ಇದೆ, ನೋಡುವುದು ತಡವಾಗುತ್ತಿದೆ. ದಿನವೂ ನೋಡಿ, ಅಥವಾ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಆ ಸಂಖ್ಯೆಗೆ ಎಚ್ಚರಿಕೆ ಇಡಿ. ವಾರಕ್ಕೊಮ್ಮೆ ನೋಡುವುದನ್ನು ಬಿಡಲಾಗದಿದ್ದರೆ ಲೀಡ್ ಟೈಮಿನ ಜೊತೆ ಆ ವಾರವನ್ನೂ ಸೇರಿಸಿ ಲೆಕ್ಕ ಹಾಕಬೇಕು, ಸ್ಟಾಕ್ ಜಾಸ್ತಿ ಇಡಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ದೋಷವೂ ಬರಬಹುದು: ಇದ್ದಕ್ಕಿದ್ದ ಹಾಗೆ 600 ಸ್ಟ್ರಿಪ್ ಬಂದು ಬೀಳುತ್ತದೆ. ಸೋಮವಾರ 72 ಆಯಿತು, ಒಬ್ಬರು ಆರ್ಡರ್ ಹಾಕಿದರು. ಮಂಗಳವಾರ ಇನ್ನೊಬ್ಬರು 60 ನೋಡಿ, ಕಡಿಮೆ ಇದೆ ಅಂತ ಮತ್ತೆ ಹಾಕಿದರು. ರೀಆರ್ಡರ್ ಪಾಯಿಂಟನ್ನು ಹೋಲಿಸಬೇಕಾದ್ದು ರ‍್ಯಾಕಿನಲ್ಲಿರುವುದಕ್ಕಲ್ಲ, ರ‍್ಯಾಕಿನಲ್ಲಿರುವುದು ಮತ್ತು ದಾರಿಯಲ್ಲಿರುವುದು ಎರಡೂ ಸೇರಿದ್ದಕ್ಕೆ. ಮಂಗಳವಾರ ಆ ಸಂಖ್ಯೆ 360.

ಈ ಲೆಕ್ಕ ಎಲ್ಲಿ ನಡೆಯುವುದಿಲ್ಲ

ಮೆಟ್‌ಫಾರ್ಮಿನ್ ತರಹ ವರ್ಷವಿಡೀ ಒಂದೇ ಸಮ ಹೋಗುವ ಮಾತ್ರೆಗೆ ಇಒಕ್ಯೂ ಚೆನ್ನಾಗಿ ಹೊಂದುತ್ತದೆ. ಒಂದು ಕಾಲದಲ್ಲಿ ಮಾತ್ರ ಏರುವ ಕೆಮ್ಮಿನ ಸಿರಪ್‌ಗೆ ವರ್ಷದ D ಹಾಕಿದರೆ ಉತ್ತರ ಎರಡೂ ಕಾಲಕ್ಕೆ ತಪ್ಪು. ಅಲ್ಲಿ ಆಯಾ ತಿಂಗಳುಗಳ ಬೇಡಿಕೆಯಿಂದ ಬೇರೆ ಬೇರೆ ಲೆಕ್ಕ ಮಾಡಿ.

ಎಕ್ಸ್‌ಪೈರಿ ಇನ್ನೊಂದು. ಸೂತ್ರಕ್ಕೆ ಎಕ್ಸ್‌ಪೈರಿ ಗೊತ್ತಿಲ್ಲ. ವರ್ಷಕ್ಕೆ 60 ಮಾತ್ರ ಹೋಗುವ ಒಂದು ಕಣ್ಣಿನ ಡ್ರಾಪ್ಸ್ ತಗೊಳ್ಳಿ. ಬೆಲೆ 25, H 6 ರೂಪಾಯಿ, S ಅದೇ 60. ಇಒಕ್ಯೂ ಸುಮಾರು 35, ಏಳು ತಿಂಗಳ ಮಾಲು. ಬಂದ ಬ್ಯಾಚಿಗೆ ಆರೇ ತಿಂಗಳು ಉಳಿದಿದ್ದರೆ 30 ಮಾರುತ್ತೀರಿ, 5 ಬಾಟಲಿ ಎಸೆಯುತ್ತೀರಿ, 125 ರೂಪಾಯಿ ಹೋಯಿತು. ಕೊನೆಯ ವಾರದಲ್ಲಿ ಮಾರಿದ್ದನ್ನು ರೋಗಿ ಬಳಸಿ ಮುಗಿಸಲೂ ಸಮಯ ಬೇಕು, ಆದ್ದರಿಂದ 30 ಕೂಡ ಜಾಸ್ತಿಯೇ. 20 ತರಿಸಿ. ವರ್ಷದ ಖರ್ಚು 208ರಿಂದ 240ಕ್ಕೆ ಏರುತ್ತದೆ, ಬರೀ 32 ರೂಪಾಯಿ. ಇಒಕ್ಯೂನಿಂದ ಅಷ್ಟು ದೂರ ಸರಿದರೂ ಖರ್ಚು ಇಷ್ಟೇ ಏರುತ್ತದೆ, ಯಾಕೆಂದರೆ ಕನಿಷ್ಠ ಬಿಂದುವಿನ ಸುತ್ತ ಖರ್ಚಿನ ರೇಖೆ ಬಹಳ ಚಪ್ಪಟೆ. ಹಾಗಾಗಿ ಎಕ್ಸ್‌ಪೈರಿಗೋ, ಬಾಕ್ಸ್ ಲೆಕ್ಕಕ್ಕೋ ಆರ್ಡರ್ ಪ್ರಮಾಣವನ್ನು ಸ್ವಲ್ಪ ಹಿಂದೆ ಮುಂದೆ ಮಾಡಲು ಹೆದರಬೇಡಿ. ರೀಆರ್ಡರ್ ಪಾಯಿಂಟಿಗೆ ಆ ಸಡಿಲ ಇಲ್ಲ, 72ರ ಬದಲು 48 ಇಟ್ಟರೆ ಎರಡು ಆರ್ಡರಿಗೆ ಒಂದು ಸಲ ಖಾಲಿಯಾಗುತ್ತದೆ.

ಇನ್ನು ಆ 95%. ಅದು ನೂರು ಗಿರಾಕಿಗಳಲ್ಲಿ 95 ಜನಕ್ಕೆ ಸಿಗುತ್ತದೆ ಅಂತಲ್ಲ, ನೂರು ಆರ್ಡರ್‌ಗಳಲ್ಲಿ 95 ಸಲ ಮಾಲು ಬರುವ ತನಕ ಖಾಲಿಯಾಗುವುದಿಲ್ಲ ಅಂತ. ವರ್ಷಕ್ಕೆ 12 ಆರ್ಡರ್ ಹಾಕುವ ಈ ಅಂಗಡಿಯಲ್ಲಿ ಎರಡು ವರ್ಷಕ್ಕೆ ಒಂದು ಸಲ ಖಾಲಿ ಆಗಬಹುದು. ದಿನಾ ಬೇಕಾದ ಮಾತ್ರೆಗೆ ನಾನಾಗಿದ್ದರೆ 95ಕ್ಕೆ ನಿಲ್ಲುತ್ತಿರಲಿಲ್ಲ. 99% ಬೇಕೆಂದರೆ z 2.33, ಸೇಫ್ಟಿ ಸ್ಟಾಕ್ 34, ರೀಆರ್ಡರ್ ಪಾಯಿಂಟ್ 82. ಹೆಚ್ಚಾಗಿ ಇಡಬೇಕಾದ್ದು ಹತ್ತೇ ಸ್ಟ್ರಿಪ್, ವರ್ಷಕ್ಕೆ 48 ರೂಪಾಯಿ.